ಒಂದ ಸೀರಿ, ಎರಡ ಸ್ಕ್ರಿಪ್ಟ್: ವಯಸ್ಸು-ಊರು ನೋಡಿ ಪ್ರೊಮೊ ಬರದದ್ದು, ನನ್ನ ಅನುಭವ

ಹುಬ್ಬಳ್ಳಿ ಇಳಕಲ್ ಸೀರಿ ಅಂಗಡಿ ಒಂದಕ್ಕ 30 ಸೆಕೆಂಡಿನ ಪ್ರೊಮೊ ಬರದ ಕೊಡ್ತೀನ್ರಿ. "ಊರು ವಯಸ್ಸು ನೋಡಿ ಯಾರರ ಸ್ಕ್ರಿಪ್ಟ್ ಬರೀತಾರೇನ್ರಿ, ಸೆರಗ ಚಂದ ತೋರ್ಸ್ರಿ ಸಾಕು" ಅಂತಿದ್ರು ಸಾವಕಾರ್ರು. ಈಗ ಅವರ ಫೋನ್ ಹಚ್ಚಿ ಗದಗಿನ ಸ್ಕ್ರಿಪ್ಟ್ ಯಾವಾಗ ಕೊಡ್ತೀರಿ ಅಂತಾರ, ಅದಕ್ಕ ಬರೀಲಿಕತ್ತೀನಿ.

ಅಂಗಡಿ ಫೇಸ್‌ಬುಕ್ ಪೇಜಿನ ಇನ್‌ಸೈಟ್ಸ್, ಅಂದ್ರ ಯಾವ ಊರು ಯಾವ ವಯಸ್ಸಿನವ್ರು ಅನ್ನೋ ಲೆಕ್ಕದಾಗ, ಬೆಂಗಳೂರು ಮ್ಯಾಲ, ವಯಸ್ಸು 25-34 ಹೆಚ್ಚು. ಮೊದಲಿನ ಏಜೆನ್ಸಿಯವ್ರು ಅದನ್ನ ನಂಬಿ ಫಾಸ್ಟ್ ಕಟ್ ಹೊಡದು ಹತ್ತಿರ ಹತ್ತಿರ 12 ಸಾವಿರ ಸುರದ್ರು, ಲೈಕ್ ಬಂದ್ವು, ಗಿರಾಕಿ ಬರ್ಲಿಲ್ಲ. ಊರಿನ ಪಟ್ಟಿ ಬ್ಯಾರೆ, ವಯಸ್ಸಿನ ಪಟ್ಟಿ ಬ್ಯಾರೆ, ಯಾವ ಊರಾಗ ಯಾವ ವಯಸ್ಸು ಅಂತ ಅಲ್ಲಿ ಸಿಗೂದಿಲ್ಲ.

ಹಿಂಗಾಗಿ ಒಂದ ವಿಡಿಯೋನ ಎರಡ ಆಡ್ ಸೆಟ್‌ಗೆ, ಅಂದ್ರ ಜಾಹೀರಾತು ನೋಡೋ ಎರಡ ಬ್ಯಾರೆ ಗುಂಪಿಗೆ ಹಾಕಿದೆ, ಒಂದು ಗದಗ-ಹಾವೇರಿ, ಇನ್ನೊಂದು ಬೆಂಗಳೂರು, ದಿನಕ್ಕ ತಲಾ 200 ರೂಪಾಯಿ. ಬಜೆಟ್ ಆಡ್ ಸೆಟ್ ಮ್ಯಾಲ ಇಡ್ರಿ, ಎರಡೂ ಸೆಟ್ ಕೂಡಿದ ಕ್ಯಾಂಪೇನ್ ಮ್ಯಾಲ ಇಟ್ರ ರೊಕ್ಕ ಹೆಚ್ಚಾಗಿ ಒಂದ ಕಡೆ ಹರೀಬಹುದು. ಆಮ್ಯಾಲ ಆಡ್ಸ್ ಮ್ಯಾನೇಜರ್‌ನ್ಯಾಗ Breakdown ಒಳಗ Age ತಗದು, ಪ್ರತಿ ವಯಸ್ಸಿನವ್ರು ಸರಾಸರಿ ಎಷ್ಟೊತ್ತು ನೋಡ್ಯಾರ ಅನ್ನೋದನ್ನ ಅಷ್ಟ ನೋಡಿದೆ. ಬೆಂಗಳೂರಾಗ 25-34ರವ್ರು 11 ಸೆಕೆಂಡ್ ಆಸುಪಾಸು ನಿಂತಿದ್ರು, "ಊರಾಗಿನ ಅವ್ವಗ ಕಳಸ್ತೀರೇನು" ಅಂತ ಮೆಸೇಜು. ಗದಗ-ಹಾವೇರಿಯಾಗ ನೋಡಿದವ್ರು ಬಹಳಷ್ಟು 35-54, ಆದ್ರ 5 ಸೆಕೆಂಡಿಗೆ ಜಾರಿದ್ರು. ಅಲ್ಲೇ ವಿಡಿಯೋದಾಗಿನ ನಮ್ಮ ಹುಡುಗಿ ಒಂದ ಉಸರಿನ್ಯಾಗ ರೇಟು, ಆಫರ್ರು, ಅಡ್ರೆಸ್ಸು ಹೇಳಿ ಮುಗಸಿದ್ಲು.

ಮುಂದಿನ ಸಲ ಗದಗ ಸ್ಕ್ರಿಪ್ಟ್ 80 ಶಬ್ದದಿಂದ 55ಕ್ಕ ಇಳಿಸಿದೆ. "ಲಿಮಿಟೆಡ್ ಆಫರ್, ಈಗ್ಲೇ ಬುಕ್ ಮಾಡಿ" ತಗದು "ಅಕ್ಕಾರ, ಈ ತೋಪ ತೆನಿ ಸೆರಗ ಒಮ್ಮೆ ನೋಡ್ರಿ" ಅಂತ ಇಟ್ಟೆ, ಅದಾದ ಮ್ಯಾಲ ಎರಡ ಸೆಕೆಂಡ್ ಯಾರೂ ಮಾತಾಡಂಗಿಲ್ಲ, ಸೆರಗ ಬಿಚ್ಚೂದು ಅಷ್ಟ. ರೇಟು ಒಂದ, ಅದೂ ಸಾವಕಾಶ. ಬೆಂಗಳೂರಿಂದಕ್ಕ ವೇಗ ಹಂಗ ಇಟ್ಟು "ಅವ್ವನ ಮನಿಗೇ ಕೊರಿಯರ್ ಮಾಡ್ತೀವಿ" ಅನ್ನೋ ಮಾತು ಮೊದಲಿಗೆ ತಂದೆ. ಗದಗ ಕಡೆ ನೋಡೋ ಹೊತ್ತು 5 ಸೆಕೆಂಡ್ ಇದ್ದದ್ದು 10ರ ಮ್ಯಾಲ ಹೋತು, ಆ ವಾರ 40 ಫೋನರ ಬಂದಿರಬೇಕು. ಮೊದಲನೇ ಮೂರ ಸೆಕೆಂಡಿಗೆ ಯಾವ ಸೌಂಡ್ ಇಡ್ತೀನಿ ಅನ್ನೋದು ಮಾತ್ರ ಹೇಳೂದಿಲ್ರಿ, ಹೊಟ್ಟಿಪಾಡು.

ನಡುವ 18-24ಕ್ಕಂತ ಕಾಲೇಜ್ ಭಾಷಾದಾಗ ಒಂದ ಬರದ ನೋಡಿದೆ. ಶೇರ್ ಭಾರಿ, ವ್ಯಾಪಾರ ಸೊನ್ನಿ. ಬಿಟ್ಟೆ.

ಪಂಚಮಿ ವಾರದಾಗ ಮಾತ್ರ ಈ ಲೆಕ್ಕಾ ನಂಬಬ್ಯಾಡ್ರಿ. ತವರಿಗೆ ಬಂದ ಬೆಂಗಳೂರಿನವ್ರೂ ಗದಗ ಸೆಟ್ಟಿನ್ಯಾಗ ಎಣಿಕಿ ಆಗ್ತಾರ, ಯಾಕಂದ್ರ ಅಲ್ಲೇ ಇರೋರ್ನೂ ಮೊನ್ನೆ ಬಂದೋರ್ನೂ ಫೇಸ್‌ಬುಕ್ ನಡಸೋ ಮೆಟಾ ಕೂಡೇ ಹಿಡೀತೈತಿ. 25-34 ಒಮ್ಮಿಂದೊಮ್ಮೆ ಏರಿದ್ರ ಅದ ಗುರ್ತು. ನಾ ಆ ವಾರದ ಡೇಟಾ ಬಿಟ್ಟ ಮುಂದಿನ ಸ್ಕ್ರಿಪ್ಟ್ ಬರೀತೀನಿ.