ಎರಡು ಕಾದಂಬರಿಗಳ ಹೋಲಿಕೆ: ಪ್ರಬಂಧಕ್ಕೆ ನಾನು ಅಂಕ ಕೊಡುವ ಬಗೆ

ಎಂ.ಎ. ಕನ್ನಡ ತರಗತಿಗೆ ತೌಲನಿಕ ಪ್ರಬಂಧ ಬರೆಸುವಾಗ ನಾನು ಹೆಚ್ಚಾಗಿ ಕೊಡುವ ಜೋಡಿ ಅನಂತಮೂರ್ತಿಯವರ ‘ಸಂಸ್ಕಾರ’ ಮತ್ತು ಭೈರಪ್ಪನವರ ‘ವಂಶವೃಕ್ಷ’. ಎರಡೂ 1965ರಲ್ಲಿ ಬಂದವು. ಎರಡರಲ್ಲೂ ಊರಿಗೆ ಊರೇ ಗೌರವಿಸುವ ಒಬ್ಬ ಪಂಡಿತ ಇದ್ದಾನೆ. ಇಲ್ಲಿ ದೂರ್ವಾಸಪುರದ ಪ್ರಾಣೇಶಾಚಾರ್ಯ, ಅಲ್ಲಿ ನಂಜನಗೂಡಿನ ಶ್ರೀನಿವಾಸ ಶ್ರೋತ್ರಿ. ಸಾಮ್ಯ ಇಷ್ಟು ಎದ್ದು ಕಾಣುವುದರಿಂದಲೇ ಮಕ್ಕಳು ಎಡವುತ್ತಾರೆ. ಎರಡನ್ನೂ ಅಕ್ಕಪಕ್ಕ ಇಟ್ಟುಬಿಟ್ಟರೆ ಹೋಲಿಸಿದ ಹಾಗಾಯ್ತು ಅಂದುಕೊಳ್ಳುತ್ತಾರೆ.

ಬಂದ ಪ್ರಬಂಧವನ್ನು ಮೊದಲ ಸಲ ಓದುವಾಗ ನಾನು ಅಂಕದ ಬಗ್ಗೆ ಯೋಚಿಸುವುದಿಲ್ಲ. ಪೆನ್ಸಿಲ್ ಹಿಡಿದು ಪ್ರತಿ ಪ್ಯಾರಾದ ಪಕ್ಕದಲ್ಲಿ ಒಂದು ಗುರುತು ಹಾಕುತ್ತಾ ಹೋಗುತ್ತೇನೆ. ಬರೀ ‘ಸಂಸ್ಕಾರ’ದ ಮಾತಿದ್ದರೆ ‘ಸಂ’, ಬರೀ ‘ವಂಶವೃಕ್ಷ’ದ ಮಾತಿದ್ದರೆ ‘ವಂ’, ಎರಡೂ ಇದ್ದರೆ ‘ಎ’. ಕೊನೆಗೆ ಅಂಚನ್ನು ಮೇಲಿಂದ ಕೆಳಗೆ ನೋಡಿದರೆ ಪ್ರಬಂಧದ ಮೈಕಟ್ಟು ಕಾಣುತ್ತದೆ. ನಾಲ್ಕು ‘ಸಂ’, ನಾಲ್ಕು ‘ವಂ’, ಕೊನೆಗೊಂದು ‘ಎ’ ಬಂದಿದ್ದರೆ ಅದು ಬಹುಮಟ್ಟಿಗೆ ಎರಡು ಪುಸ್ತಕ ವಿಮರ್ಶೆಗಳನ್ನು ಒಂದೇ ಪಿನ್ನಿಗೆ ಹಾಕಿದ್ದು. ಬಹುಮಟ್ಟಿಗೆ ಅಂತ ಯಾಕೆ ಹೇಳಿದೆ ಅನ್ನುವುದಕ್ಕೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು ಒಂದು ಮಾತು: ಈ ಗುರುತುಗಳನ್ನಷ್ಟೇ ನಂಬಿ ಅಂಕ ಕೊಟ್ಟರೆ ಜಾಣ ವಿದ್ಯಾರ್ಥಿ ನಮ್ಮನ್ನು ಸುಲಭವಾಗಿ ಯಾಮಾರಿಸುತ್ತಾನೆ.

ಹೇಗೆ ಅಂತೀರಾ? ಒಬ್ಬ ವಿದ್ಯಾರ್ಥಿಯ ಪ್ರಬಂಧದಲ್ಲಿ ಎಲ್ಲಾ ಕಡೆ ‘ಎ’ ಗುರುತೇ ಬಿತ್ತು. ಅದರ ಒಂದು ಪ್ಯಾರಾ ಹೀಗಿತ್ತು: “ಪ್ರಾಣೇಶಾಚಾರ್ಯರು ಕಾಶಿಯಲ್ಲಿ ಓದಿದ ಪಂಡಿತರು. ಅವರ ಹೆಂಡತಿ ಭಾಗೀರಥಿ ರೋಗಿ. ಅವರು ಕಾಡಿನಲ್ಲಿ ಚಂದ್ರಿಯನ್ನು ಕೂಡುತ್ತಾರೆ. ಇದಕ್ಕೆ ವ್ಯತಿರಿಕ್ತವಾಗಿ ಶ್ರೋತ್ರಿಯವರು ಲಕ್ಷ್ಮಿಯನ್ನು ದೂರವಿಟ್ಟು ಸಂಯಮ ಕಾಪಾಡಿಕೊಳ್ಳುತ್ತಾರೆ.”

ಇಂಥ ಕಡೆ ನನ್ನದು ಒಂದೇ ಪರೀಕ್ಷೆ. ಒಂದು ಕಾದಂಬರಿಯ ವಾಕ್ಯಗಳನ್ನು ಕೈಯಲ್ಲಿ ಮುಚ್ಚಿ ಉಳಿದದ್ದನ್ನು ಓದುತ್ತೇನೆ. ಶ್ರೋತ್ರಿಯ ವಾಕ್ಯ ಮುಚ್ಚಿದೆ. ಪ್ರಾಣೇಶಾಚಾರ್ಯರ ಬಗ್ಗೆ ಹೇಳಿದ್ದಕ್ಕೆ ಏನೂ ಆಗಲಿಲ್ಲ. ಆಚಾರ್ಯರನ್ನು ಮುಚ್ಚಿದೆ. ಶ್ರೋತ್ರಿಯೂ ಹಾಗೇ ನಿಂತಿದ್ದಾರೆ. ‘ಇದಕ್ಕೆ ವ್ಯತಿರಿಕ್ತವಾಗಿ’ ಅನ್ನುವ ಪದ ಬಿಟ್ಟರೆ ಇಬ್ಬರಿಗೂ ನಂಟೇ ಇಲ್ಲ. ಇದೂ ಎರಡು ಹೋಳೇ. ಹೋಳುಗಳು ಚಿಕ್ಕದಾಗಿವೆ, ಅಷ್ಟೇ.

ಆ ಹುಡುಗ ಬಂದು ಕೇಳಿದ, “ಮೇಡಂ, ಒಂದೊಂದು ಪ್ಯಾರಾದಲ್ಲೂ ಎರಡೂ ಕಾದಂಬರಿ ಇದೆಯಲ್ಲಾ?”

“ಇದೆ ಕಣಪ್ಪಾ. ಆದರೆ ಶ್ರೋತ್ರಿಯನ್ನು ನೋಡಿದ ಮೇಲೆ ಆಚಾರ್ಯರ ಬಗ್ಗೆ ನಿನಗೆ ಹೊಸದಾಗಿ ಏನು ಕಾಣಿಸ್ತು?” ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, “ಒಬ್ಬರು ಬಿದ್ದರು, ಇನ್ನೊಬ್ಬರು ಗೆದ್ದರು” ಅಂದ. ಬಹಳಷ್ಟು ಪ್ರಬಂಧಗಳು ನಿಲ್ಲುವುದೇ ಇಲ್ಲಿ. ಕೂತು ಎರಡೂ ಸನ್ನಿವೇಶಗಳನ್ನು ಬಿಡಿಸಿ ನೋಡಿದೆವು. ಮನೆಗೆಲಸದ ಲಕ್ಷ್ಮಿಯನ್ನು ಕೂಡಬಹುದು ಅಂತ ಶ್ರೋತ್ರಿಗೆ ವಿಷಯ ಎತ್ತುವವಳು ಅವರ ಹೆಂಡತಿ ಭಾಗೀರತಮ್ಮನೇ. ಅಂದರೆ ಮನೆಯೊಳಗಿಂದಲೇ ಒಪ್ಪಿಗೆ ಸಿಕ್ಕಿದೆ. ಅವರು ಒದ್ದಾಡಿ, ಯೋಚಿಸಿ, ಬೇಡ ಅನ್ನುತ್ತಾರೆ. ಅದು ಅವರದೇ ತೀರ್ಮಾನ. ಪ್ರಾಣೇಶಾಚಾರ್ಯರಿಗೆ ಅಂಥ ತೀರ್ಮಾನದ ಗಳಿಗೆಯೇ ಬರುವುದಿಲ್ಲ. ಚಂದ್ರಿಯ ಜೊತೆಗಿದ್ದ ನಾರಣಪ್ಪ ಸತ್ತಾಗ ಅವನ ಸಂಸ್ಕಾರ ಯಾರು ಮಾಡಬೇಕು ಅನ್ನುವುದಕ್ಕೆ ಮಾರುತಿಯ ಗುಡಿಯಲ್ಲಿ ಉತ್ತರ ಸಿಗದೆ ಸೋತು ಬರುವಾಗ ಕತ್ತಲಲ್ಲಿ ಅದು ಆಗಿಹೋಗುತ್ತದೆ. ಆಮೇಲೆ ಅವರನ್ನು ಕೊರೆಯುವ ಪ್ರಶ್ನೆಯೇ ಇದು: ಇದನ್ನು ನಾನು ಮಾಡಿದೆನೋ, ಸುಮ್ನೆ ಆಗಿಹೋಯಿತೋ? ಶ್ರೋತ್ರಿಯನ್ನು ಪಕ್ಕದಲ್ಲಿಟ್ಟಾಗ ಈ ಪ್ರಶ್ನೆಯ ಭಾರ ಜಾಸ್ತಿಯಾಗುತ್ತದೆ. ಮರಳಿ ಶ್ರೋತ್ರಿಯ ಕಡೆ ನೋಡಿದರೆ ಅವರ ಗೆಲುವೂ ಅಷ್ಟು ಗಟ್ಟಿಯಾಗಿ ಕಾಣುವುದಿಲ್ಲ. ತಾನು ಹುಟ್ಟಿದ್ದು ಶ್ರೋತ್ರಿಯ ವಂಶದಲ್ಲಿ ಅಲ್ಲ ಅಂತ ಅವರಿಗೆ ಗೊತ್ತಾಗುವುದು ತುಂಬಾ ತಡವಾಗಿ. ಸಂಯಮ ಅವರದೇ, ಸರಿ. ಅದಕ್ಕೆ ಬಲ ಕೊಟ್ಟಿದ್ದ ಮನೆತನದ ನಂಬಿಕೆ ಮಾತ್ರ ಪೊಳ್ಳು.

ಹುಡುಗ ಆ ಪ್ಯಾರಾ ತಿದ್ದಿ ತಂದ. “ಶ್ರೋತ್ರಿಗೆ ಬೇಡ ಎನ್ನುವ ಅವಕಾಶ ಸಿಕ್ಕಿತ್ತು. ಪ್ರಾಣೇಶಾಚಾರ್ಯರಿಗೆ ಅದು ಸಿಗಲಿಲ್ಲ. ಆದ್ದರಿಂದ ಒಬ್ಬರ ಸಂಯಮದ ಅಳತೆಯಲ್ಲಿ ಇನ್ನೊಬ್ಬರನ್ನು ಅಳೆಯಲಾಗದು” ಅಂತ ಶುರುವಾಗಿತ್ತು. ಈಗ ಯಾವ ವಾಕ್ಯ ಮುಚ್ಚಿದರೂ ಉಳಿದದ್ದು ಕುಂಟುತ್ತದೆ. ನನಗೆ ಬೇಕಾದದ್ದು ಅದೇ. ಕಥೆಯ ವಿವರ ಕಡಿಮೆಯಾಗಿತ್ತು, ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ.

ಇನ್ನು ಆ ‘ಬಹುಮಟ್ಟಿಗೆ’. ಒಬ್ಬಳು ಹುಡುಗಿಯ ಪ್ರಬಂಧದ ಅಂಚಿನಲ್ಲಿ ಮೊದಲ ಅರ್ಧ ಪೂರ್ತಿ ‘ಸಂ’ ಅಂತಲೇ ಬಿತ್ತು. ಪ್ರಾಣೇಶಾಚಾರ್ಯರು ಹೆಂಡತಿಯ ಸಂಸ್ಕಾರ ಮುಗಿಸಿ ಊರು ಬಿಡುವುದನ್ನು ಅವಳು ‘ಪಲಾಯನ’ ಅಂತ ಕರೆದಿದ್ದಳು. ಎರಡನೇ ಅರ್ಧ ಶ್ರೋತ್ರಿಯದು. ಆದರೆ ಅಲ್ಲಿ ಪ್ಯಾರಾಗೊಮ್ಮೆ ಹಿಂದಕ್ಕೆ ತಿರುಗುತ್ತಾಳೆ. ಶ್ರೋತ್ರಿ ಆಸ್ತಿ ತನ್ನದಲ್ಲ ಅಂತ ಬಿಟ್ಟುಕೊಟ್ಟು ಸಂನ್ಯಾಸಕ್ಕೆ ಹೊರಡುವ ಕಡೆ ಬಂದಾಗ ಬರೆದಳು: “ಶ್ರೋತ್ರಿ ಹೊರಡುವುದು ಎಲ್ಲ ಲೆಕ್ಕ ತೀರಿಸಿದ ಮೇಲೆ. ಪ್ರಾಣೇಶಾಚಾರ್ಯ ಹೊರಡುವುದು ಲೆಕ್ಕ ಶುರುವಾಗುವ ಮೊದಲೇ, ಆದರೆ ಕೊನೆಗೆ ಅವರ ಗಾಡಿ ಮತ್ತೆ ದೂರ್ವಾಸಪುರದ ಕಡೆಗೇ. ಹಾಗಾಗಿ ಮೇಲೆ ನಾನು ಪಲಾಯನ ಎಂದದ್ದು ಅರ್ಧ ನಿಜ.” ಎರಡನೇ ಕಾದಂಬರಿ ಮೊದಲನೆಯದರ ಓದನ್ನು ತಿದ್ದಿತು, ಅಲ್ವಾ? ಮೈಕಟ್ಟಿನಲ್ಲಿ ಎರಡು ಹೋಳು, ಒಳಗೆ ಒಂದೇ ವಾದ. ತರಗತಿಯಲ್ಲಿ ಅತಿ ಹೆಚ್ಚು ಅಂಕ ಅವಳಿಗೇ ಕೊಟ್ಟೆ.

ಹಾಗಾಗಿ ಈಗ ನನ್ನ ಎರಡನೇ ಓದು ಹೀಗಿದೆ. ಕೈ ಮುಚ್ಚಿ ನೋಡುವುದು ಪ್ಯಾರಾ ಮಟ್ಟದ ಪರೀಕ್ಷೆ. ಪೂರ್ತಿ ಪ್ರಬಂಧಕ್ಕೆ ಇನ್ನೊಂದು ಪ್ರಶ್ನೆ: ಮೊದಲ ಪುಟದಲ್ಲಿ ಹೇಳಿದ ಯಾವುದಾದರೂ ಮಾತು ಕೊನೆಯ ಪುಟದ ಹೊತ್ತಿಗೆ ಬದಲಾಗಿದೆಯೇ, ಬದಲಾಯಿಸಿದ್ದು ಇನ್ನೊಂದು ಕಾದಂಬರಿಯೇ? 25 ಅಂಕದಲ್ಲಿ 10 ಹೋಲಿಕೆಗೆ ಇಟ್ಟಿದ್ದೇನೆ. ಸಾಮ್ಯ–ವ್ಯತ್ಯಾಸಗಳ ಪಟ್ಟಿ ಮಾತ್ರ ಇದ್ದರೆ 4ರ ಮೇಲೆ ಹೋಗುವುದಿಲ್ಲ. ಒಂದೆರಡು ಕಡೆ ನಿಜವಾದ ಹೋಲಿಕೆ ಇದ್ದು ನಡುವೆ ಕಥೆ ಹೇಳುತ್ತಾ ಕೂತಿದ್ದರೆ 6ರ ಆಸುಪಾಸು.

ಹಾಗಂತ ಒಂಟಿ ಪ್ಯಾರಾ ಕಂಡ ಕೂಡಲೇ ಅಂಕ ಕತ್ತರಿಸುವುದೂ ತಪ್ಪು. ‘ವಂಶವೃಕ್ಷ’ದ ಕಥೆ ತಲೆಮಾರುಗಳ ಉದ್ದಕ್ಕೂ ಹರಡಿದೆ. ಕಾತ್ಯಾಯನಿ, ರಾಜಾರಾವ್, ಸದಾಶಿವರಾವ್ ಎಲ್ಲರನ್ನೂ ಪರಿಚಯಿಸಲು ಜಾಗ ಬೇಕು. ‘ಸಂಸ್ಕಾರ’ ನಡೆಯುವುದು ಕೆಲವೇ ದಿನಗಳಲ್ಲಿ. ಇಂಥ ಜೋಡಿಯಲ್ಲಿ ಎರಡಕ್ಕೂ ಸಮನಾಗಿ ಪುಟ ಹಂಚು ಅನ್ನುವುದು ಅನ್ಯಾಯ. ಆ ಹಿನ್ನೆಲೆಯ ಪ್ಯಾರಾ ಮುಂದೆ ಹೋಲಿಕೆಗೆ ಕೆಲಸಕ್ಕೆ ಬಂತೇ ಅಂತಷ್ಟೇ ನೋಡುತ್ತೇನೆ. ಬಂದಿದ್ದರೆ ಅಂಚಿನ ‘ವಂ’ ಗುರುತಿನಿಂದ ಬಾಣ ಎಳೆದು ಮುಂದಿನ ‘ಎ’ಗೆ ಸೇರಿಸುತ್ತೇನೆ. ಬಾಣ ಎಲ್ಲಿಗೂ ಮುಟ್ಟದಿದ್ದರೆ ಪಕ್ಕದಲ್ಲಿ ‘ಇದು ಯಾಕೆ?’ ಅಂತ ಬರೆದು, ಪ್ರಬಂಧ ವಾಪಸ್ ಕೊಡುವಾಗ ಮೊದಲು ಅದನ್ನೇ ಕೇಳುತ್ತೇನೆ.