ಹೊಲಕ್ಕೆ 12 ಪೌಂಡ್, ರಸ್ತೆಗೆ 20: ಟೈರಿನ ಗಾಳಿ ನನಗೆ ಕಲಿಸಿದ್ದು

ಟ್ರ್ಯಾಕ್ಟರ್ ತಗೊಂಡ ಮೊದಲ ಆರು ವರ್ಷ ಹಿಂದಿನ ಟೈರ್‌ಗಳಿಗೆ ಎಷ್ಟು ಗಾಳಿ ಇದೆ ಅಂತ ನಾನು ನೋಡಿಯೇ ಇರಲಿಲ್ಲ. ಟೈರ್ ದುಂಡಗೆ, ಗಟ್ಟಿಯಾಗಿ ಕಂಡರೆ ಸರಿ ಇದೆ ಅಂದುಕೊಳ್ಳುತ್ತಿದ್ದೆ. ಗಾಳಿ ಹಾಕುವವರೂ ಹಾಗೇ ಗಟ್ಟಿಯಾಗಿ ತುಂಬಿ ಕಳಿಸುತ್ತಿದ್ದರು. ಒಮ್ಮೆ ಕಡಿಮೆ ಒತ್ತಡದ ಗೇಜ್ ಹಿಡಿದು ನೋಡಿದರೆ 22 ಪೌಂಡ್ ಇತ್ತು. ಪೌಂಡ್ ಅಂದರೆ ಪಿಎಸ್‌ಐ. ಲಾರಿಗೆ ಬಳಸುವ ಗೇಜಿನಲ್ಲಿ ಇಷ್ಟು ಕಡಿಮೆ ಒತ್ತಡ ಸರಿಯಾಗಿ ತಿಳಿಯುವುದಿಲ್ಲ, ಮುಳ್ಳು ಕೆಳಗೇ ಎಲ್ಲೋ ಅಲ್ಲಾಡುತ್ತಿರುತ್ತದೆ. ಹಾಗಾಗಿ 30 ಪೌಂಡ್‌ವರೆಗೆ ಮಾತ್ರ ತೋರಿಸುವ ಗೇಜ್ ಒಂದನ್ನು ಇಟ್ಟುಕೊಂಡಿದ್ದೇನೆ.

ಗೇಜ್ ತರಿಸಿದ್ದಕ್ಕೆ ಕಾರಣ ಹೊಲದ ಅಂಚು. ಟ್ರ್ಯಾಕ್ಟರ್ ತಿರುಗಿಸುವ ಜಾಗದಲ್ಲಿ ಮಳೆ ನಿಂತು ಎರಡು ದಿನವಾದರೂ ನೀರು ಇಂಗುತ್ತಿರಲಿಲ್ಲ. ಅಲ್ಲಿ ಬೆಳೆ ಗಿಡ್ಡ. ಸಲಿಕೆಯಿಂದ ಅಗೆದು ನೋಡಿದೆ. ಮೇಲಿನ ನಾಲ್ಕು ಬೆರಳು ಮಣ್ಣು ಸಡಿಲ, ಅದರ ಕೆಳಗೆ ಒತ್ತಿ ಇಟ್ಟ ಹಾಗೆ ಹಲಗೆ ಹಲಗೆಯಾಗಿ ಎದ್ದು ಬರುವ ಮಣ್ಣು. ಬೇರುಗಳು ಅಲ್ಲಿಗೆ ಬಂದು ಅಡ್ಡಕ್ಕೆ ತಿರುಗಿದ್ದವು. ಹೊಲದ ಮಧ್ಯದಲ್ಲಿ ಅಗೆದರೆ ಬೇರು ನೇರವಾಗಿ ಇಳಿದಿತ್ತು.

ಟೈರ್ ಮಣ್ಣನ್ನು ಎಷ್ಟು ಒತ್ತುತ್ತದೆ ಅನ್ನುವುದು ಹೆಚ್ಚುಕಡಿಮೆ ಒಳಗಿನ ಗಾಳಿಯ ಒತ್ತಡದ ಮೇಲೇ ನಿಂತಿದೆ. ಟೈರ್ ಒಳಗೆ 22 ಪೌಂಡ್ ಇದ್ದರೆ ನೆಲದ ಮೇಲೂ ಅಷ್ಟೇ, ಟೈರಿನ ಬಿಗಿತಕ್ಕೆ ಒಂದೆರಡು ಪೌಂಡ್ ಜಾಸ್ತಿ. ಗಾಳಿ ಇಳಿಸಿದರೆ ಟೈರ್ ಸ್ವಲ್ಪ ಚಪ್ಪಟೆಯಾಗಿ ಹೆಚ್ಚು ಜಾಗದ ಮೇಲೆ ಕೂರುತ್ತದೆ. ಅದೇ ತೂಕ ಹೆಚ್ಚು ಮಣ್ಣಿಗೆ ಹಂಚಿಕೆಯಾಗುತ್ತದೆ. ಗಟ್ಟಿ ನೆಲದ ಮೇಲೆ ತೆಳುವಾಗಿ ಧೂಳು ಹರಡಿ ಟ್ರ್ಯಾಕ್ಟರ್ ಓಡಿಸಿ ನೋಡಿ, ಗೊತ್ತಾಗುತ್ತದೆ. ನನಗೆ 22ರಲ್ಲಿ ಟೈರಿನ ಹಲ್ಲಿನ ಮಧ್ಯಭಾಗದ ಗುರುತು ಮಾತ್ರ ಬಿತ್ತು. ಅಂಚು ನೆಲವನ್ನೇ ಮುಟ್ಟಿರಲಿಲ್ಲ!

ಆದರೆ ಎಷ್ಟಕ್ಕೆ ಇಳಿಸಬೇಕು? ಇದನ್ನು ಊಹೆಯಿಂದ ಹೇಳಲಾಗದು. ಟೈರ್ ಹೊರುವ ತೂಕ ಗೊತ್ತಿರಬೇಕು. ಕಲ್ಟಿವೇಟರ್ ಎತ್ತಿಕೊಂಡು ಹಿಂದಿನ ಗಾಲಿಗಳನ್ನು ಮಾತ್ರ ವೇಬ್ರಿಡ್ಜ್ ಮೇಲೆ ನಿಲ್ಲಿಸಿದೆ. 1,900 ಕಿಲೋ ಬಂತು, ಒಂದೊಂದು ಟೈರಿಗೆ 950. ಕಲ್ಟಿವೇಟರ್ ಇಳಿಸಿ ತೂಗಿದ್ದರೆ ಲೆಕ್ಕ ಕಡಿಮೆ ಬಂದು ಮೋಸ ಹೋಗುತ್ತಿದ್ದೆ, ಯಾಕೆಂದರೆ ತಿರುಗಿಸುವಾಗ ಅದು ಮೇಲೇ ಇರುತ್ತದೆ. ನನ್ನದು 13.6-28 ಅಳತೆಯ ಸಾಮಾನ್ಯ ಬಯಾಸ್ ಟೈರ್. ಟೈರಿನ ಜೊತೆ ಬರುವ ತೂಕ-ಒತ್ತಡದ ಪಟ್ಟಿಯಲ್ಲಿ ಆ ತೂಕದ ಸಾಲು ಹುಡುಕಿ 12 ಪೌಂಡ್‌ಗೆ ನಿಂತೆ. ನಿಮ್ಮ ಟೈರಿಗೆ ನಿಮ್ಮ ಪಟ್ಟಿಯೇ ನೋಡಿ, ನನ್ನ ಅಂಕಿ ತಗೊಳ್ಳಬೇಡಿ.

ಇದರಿಂದ ನಿಜವಾಗಿ ಲಾಭ ಇದೆಯಾ ಅಂತ ನೋಡಲು ಗಾಲಿ ಜಾರುವುದನ್ನು ಅಳೆದೆ. ಟೈರಿಗೆ ಸೀಮೆಸುಣ್ಣದಿಂದ ಗೆರೆ ಎಳೆದು, ಹತ್ತು ಸುತ್ತಿಗೆ ಎಷ್ಟು ದೂರ ಹೋಗುತ್ತದೆ ಅಂತ ಟೇಪ್ ಹಿಡಿದೆ. 22 ಪೌಂಡ್‌ನಲ್ಲಿ ಕಲ್ಟಿವೇಟರ್ ಎತ್ತಿಕೊಂಡು ಹೋದರೆ 39 ಮೀಟರ್. ಅದೇ ಹೊಲದಲ್ಲಿ ಮಣ್ಣಿಗಿಳಿಸಿ ಎಳೆದರೆ 32 ಮೀಟರ್ ಮಾತ್ರ. ಅಂದರೆ 7 ಮೀಟರ್ ಜಾರಿಹೋಗಿದೆ, ನೂರಕ್ಕೆ 18ರಷ್ಟು. ಆಮೇಲೆ 12ಕ್ಕೆ ಇಳಿಸಿ ಮತ್ತೆ ಅಳೆದೆ. ಟೈರ್ ಕುಳಿತಿದ್ದರಿಂದ ಎತ್ತಿಕೊಂಡು ಹೋಗುವ ದೂರವೇ 38.5 ಮೀಟರ್ ಆಗಿತ್ತು, ಹಾಗಾಗಿ ಹಳೆಯ 39 ಇಟ್ಟುಕೊಂಡು ಲೆಕ್ಕ ಹಾಕಿದರೆ ತಪ್ಪು. ಎಳೆಯುವಾಗ 34 ಮೀಟರ್ ಬಂತು. ಜಾರಿದ್ದು ನೂರಕ್ಕೆ 12ರಷ್ಟು. ಹೊಲದಲ್ಲಿ ನೂರಕ್ಕೆ 8ರಿಂದ 15 ಜಾರುವುದು ಸರಿಯಾದ ಮಟ್ಟ. ಅದಕ್ಕಿಂತ ಜಾಸ್ತಿ ಅಂದರೆ ಡೀಸೆಲ್ ಸುಮ್ನೆ ಹೋಗುತ್ತದೆ, ಹಲ್ಲು ಕಲ್ಲಿಗೆ ತಿಕ್ಕಿ ಸವೆಯುತ್ತದೆ, ಮಣ್ಣಿನ ಮೇಲ್ಮೈಯನ್ನು ಗಾಲಿಯೇ ಸವರಿ ನೀರು ಇಳಿಯದ ಹಾಗೆ ಮಾಡುತ್ತದೆ.

ಆಸೆ ಬಿಡಲಿಲ್ಲ. 12ರಲ್ಲಿ ಇಷ್ಟು ಚೆನ್ನಾದರೆ 9ರಲ್ಲಿ ಇನ್ನೂ ಚೆನ್ನ ಅಲ್ವಾ ಅಂತ ಇಳಿಸಿದೆ. ಎರಡನೇ ದಿನ ನೋಡಿದರೆ ವಾಲ್ವ್ ಓರೆಯಾಗಿತ್ತು. ಟೈರ್ ರಿಮ್ಮಿನ ಮೇಲೆ ಮೆಲ್ಲಗೆ ತಿರುಗಿ ಒಳಗಿನ ಟ್ಯೂಬನ್ನೂ ಎಳೆದುಕೊಂಡು ಹೋಗಿದೆ. ಅದನ್ನು ಕಂಡೂ ಸಂಜೆಯವರೆಗೆ ಉಳುಮೆ ಮುಗಿಸೋಣ ಅಂದುಕೊಂಡೆ, ವಾಲ್ವ್ ಬುಡದಲ್ಲೇ ಕಿತ್ತು ಬಂತು. ಈಗ ರಿಮ್ಮಿನಿಂದ ಟೈರಿನವರೆಗೆ ಒಂದು ಬಣ್ಣದ ಗೆರೆ ಎಳೆದಿದ್ದೇನೆ. ಗೆರೆ ಮುರಿದರೆ ಗಾಳಿ ಕಡಿಮೆ ಆಗಿದೆ ಅಂತ ಅರ್ಥ. ಬಯಾಸ್ ಟೈರಿನ ಪಕ್ಕದಲ್ಲಿ ನೆರಿಗೆ ಬೀಳಲು ಶುರುವಾದರೂ ಅಷ್ಟೇ. ರೇಡಿಯಲ್ ಟೈರ್ ಇದ್ದವರು ಇನ್ನೂ ಇಳಿಸಬಹುದು, ಅದರ ಪಕ್ಕ ಮಡಚಿಕೊಳ್ಳಲೆಂದೇ ಮೃದುವಾಗಿ ಮಾಡಿರುತ್ತಾರೆ.

ಎರಡನೇ ಪೆಟ್ಟು ರಸ್ತೆಯಲ್ಲಿ ಬಿತ್ತು. ಹೊಲದ ಕೆಲಸ ಮುಗಿಸಿ, 12 ಪೌಂಡ್‌ನಲ್ಲೇ ಟ್ರೇಲರಿಗೆ ತುಂಬಾ ಲೋಡ್ ಹಾಕಿ 15 ಕಿಲೋಮೀಟರ್ ಹೋದೆ. ಸ್ವಲ್ಪ ವೇಗ ಏರಿದರೆ ಟ್ರ್ಯಾಕ್ಟರ್ ಹಿಂಭಾಗ ಅಕ್ಕಪಕ್ಕ ತೂಗಾಡುತ್ತಿತ್ತು. ಇಳಿದು ಟೈರಿನ ಪಕ್ಕಕ್ಕೆ ಕೈಯಿಟ್ಟರೆ ಇಟ್ಟುಕೊಳ್ಳಲಾಗದಷ್ಟು ಬಿಸಿ. ಟ್ರೇಲರಿನ ಮುಂಭಾರ ಕೊಂಡಿಯ ಮೂಲಕ ಹಿಂದಿನ ಗಾಲಿಗೇ ಬೀಳುತ್ತದೆ. ತೂಗಿಸಿದಾಗ ಹಿಂದಿನ ಅಚ್ಚಿಗೆ 2,500 ಕಿಲೋ ಬಂದಿತ್ತು. ಗಾಳಿ ಕಡಿಮೆ ಇದ್ದರೆ ಟೈರ್ ಪ್ರತಿ ಸುತ್ತಿಗೂ ಮಡಚಿ ಬಿಚ್ಚುತ್ತದೆ, ಆ ಮಡಚುವಿಕೆಯೇ ಬಿಸಿ. ಅಷ್ಟೇ ಅಲ್ಲ, ಮೆತ್ತಗಿನ ಮಣ್ಣಿನಲ್ಲಿ ಹೂತುಹೋಗುವ ಹಲ್ಲು ಗಟ್ಟಿ ರಸ್ತೆಯಲ್ಲಿ ಬಾಗಿ, ಬಿಡುವಾಗ ರಸ್ತೆಗೆ ಉಜ್ಜುತ್ತದೆ. ಅಂಥ ಓಡಾಟ ಒಂದು ಸೀಸನ್ ಆದ ಮೇಲೆ ನೋಡಿದರೆ ಪ್ರತಿ ಹಲ್ಲಿನ ಒಂದು ಬದಿ ಎತ್ತರ, ಇನ್ನೊಂದು ಬದಿ ತಗ್ಗು. ಅಂಗೈ ಮುಂದಕ್ಕೆ ಸವರಿದರೆ ನಯ, ಹಿಂದಕ್ಕೆ ಸವರಿದರೆ ಚುಚ್ಚುವಂತೆ.

ಅಂದಿನಿಂದ ಲೋಡ್ ಜೊತೆ ರಸ್ತೆಗೆ ಹೋಗುವ ಮೊದಲು 20 ಪೌಂಡ್ ಮಾಡುತ್ತೇನೆ. ಬ್ಯಾಟರಿಗೆ ಸಿಕ್ಕಿಸುವ ಸಣ್ಣ ಕಂಪ್ರೆಸರ್ ಇದೆ, 12ರಿಂದ 20ಕ್ಕೆ ಒಂದು ಟೈರಿಗೆ ಐದಾರು ನಿಮಿಷ ಬೇಕು. ಇಳಿಸುವುದು ಇನ್ನೂ ಬೇಗ. ಅಳೆಯುವುದು ಯಾವಾಗಲೂ ಟೈರ್ ತಣ್ಣಗಿದ್ದಾಗ, ರಸ್ತೆಯಿಂದ ಬಂದ ತಕ್ಷಣ ಅಳೆದರೆ ಗೇಜ್ ಜಾಸ್ತಿ ತೋರಿಸುತ್ತದೆ. ಟೈರಿನಲ್ಲಿ ನೀರು ತುಂಬಿಸಿದ್ದರೆ ವಾಲ್ವ್ ಮೇಲಕ್ಕೆ ಬರುವ ಹಾಗೆ ಗಾಲಿ ನಿಲ್ಲಿಸಿ ಅಳೆಯಿರಿ, ಇಲ್ಲದಿದ್ದರೆ ನೀರು ಗೇಜಿನೊಳಗೆ ನುಗ್ಗುತ್ತದೆ. ಹೊಲ ಪಕ್ಕದಲ್ಲೇ ಇದ್ದು ಖಾಲಿ ಟ್ರ್ಯಾಕ್ಟರ್ ಮೆಲ್ಲಗೆ ಹೋಗಿ ಬರುವುದಾದರೆ ನಾನೂ ಬದಲಿಸುವ ಗೋಜಿಗೆ ಹೋಗುವುದಿಲ್ಲ.

ಗಾಳಿ ಇಳಿಸಿದ್ದರಿಂದ ಉಳಿಯುವುದು ಮೇಲ್ಮಣ್ಣು ಮಾತ್ರ. ಆಳದ ಮಣ್ಣನ್ನು ಒತ್ತುವುದು ಅಚ್ಚಿನ ಒಟ್ಟು ತೂಕ, ಅದು ಗಾಳಿ ಇಳಿಸಿದರೆ ಕಡಿಮೆಯಾಗುವುದಿಲ್ಲ. ಕೊಯ್ಲಿನ ಸಮಯದಲ್ಲಿ ತೇವದ ಹೊಲಕ್ಕೆ ತುಂಬಿದ ಟ್ರೇಲರ್ ಇಳಿಸಿದರೆ 12 ಇರಲಿ 20 ಇರಲಿ, ಆಳದಲ್ಲಿ ಹಲಗೆ ಕಟ್ಟುತ್ತದೆ. ಹಾಗಾಗಿ ಒಂದು ಹಿಡಿ ಮಣ್ಣು ತಗೊಂಡು ಹಿಸುಕಿ ನೋಡುತ್ತೇನೆ. ಬೆರಳಿನ ಮಧ್ಯೆ ಪಟ್ಟಿಯಂತೆ ಎಳೆಯಲು ಬಂದರೆ ಟ್ರೇಲರನ್ನು ಬದುವಿನ ಮೇಲೇ ನಿಲ್ಲಿಸಿ, ಹೊತ್ತು ತಂದು ತುಂಬಿಸುತ್ತೇವೆ. ಹೊಲದ ಅಂಚಿನ ಆ ಜಾಗ ಈಗ ಮೂರನೇ ವರ್ಷಕ್ಕೆ ನೀರು ಇಂಗಿಸಿಕೊಳ್ಳುತ್ತಿದೆ, ಆದರೆ ಬೆಳೆ ಇನ್ನೂ ಮಧ್ಯದಷ್ಟು ಎತ್ತರ ಬಂದಿಲ್ಲ.