ಐದು ನಿಮಿಷಕ್ಕೆ ಒಂದು ಮಳೆಮಾಪಕ

ಸಂದರ್ಶನದ ಪತ್ರದಲ್ಲಿ ಇದ್ದದ್ದು ಇಷ್ಟೇ: ಐದು ನಿಮಿಷದಲ್ಲಿ ನಿಮ್ಮ ಪರಿಚಯ ಮಾಡಿಕೊಳ್ಳಿ, ಬೇಕಿದ್ದರೆ ಸ್ಲೈಡ್ ಬಳಸಿ, ಭಾಷೆ ಕನ್ನಡ ಅಥವಾ ಇಂಗ್ಲಿಷ್. ಹವಾಮಾನ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಲು ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿದ್ದೆ. ಮೊದಲ ಸಲ ಬರೆದಾಗ ಎಲ್ಲವನ್ನೂ ತುಂಬಿದೆ. ಹೆಸರು, ಮೂಡಿಗೆರೆ ಹತ್ತಿರದ ನಮ್ಮೂರು, ಅಪ್ಪನ ಮೂರು ಎಕರೆ ರೋಬಸ್ಟಾ ಕಾಫಿ ತೋಟ, ಎಸ್ಸೆಸ್ಸೆಲ್ಸಿಯಿಂದ ಹಿಡಿದು ಅಂಕಗಳು, ಚಿಕ್ಕಮಗಳೂರಿನಲ್ಲಿ ಮಾಡಿದ ಬಿ.ಎಸ್ಸಿ., ಎನ್‌ಎಸ್‌ಎಸ್ ಕ್ಯಾಂಪು, ಭಾವಗೀತೆ ಸ್ಪರ್ಧೆಯ ಎರಡನೇ ಬಹುಮಾನ. ಓದಿ ನೋಡಿದರೆ ಏಳು ನಿಮಿಷ.

ಚಿಕ್ಕಮ್ಮ ಹೈಸ್ಕೂಲು ಟೀಚರ್. ಅವರೆದುರು ನಿಂತು ಪೂರ್ತಿ ಹೇಳಿದೆ. ಅವರು ಏನೂ ಅನ್ನದೆ ಒಳಗೆ ಹೋಗಿ ಕಾಫಿ ಮಾಡಿಕೊಂಡು ಬಂದರು. ಆಮೇಲೆ ಅಂದರು: "ನಿಮ್ಮಜ್ಜ ಮಳೆ ಅಳೀತಿದ್ರು ಅಂದ್ಯಲ್ಲ, ಅದೊಂದು ಬಿಟ್ರೆ ನಂಗೇನೂ ನೆನಪಿಲ್ಲ ಕಣೆ." ಅಂಕ, ಆದಾಯ ಪ್ರಮಾಣಪತ್ರ ಎಲ್ಲ ಅರ್ಜಿಯ ಜೊತೆಗೇ ಹೋಗಿತ್ತು. ಸಮಿತಿಯವರ ಮುಂದೆ ತೆರೆದಿಟ್ಟ ಕಾಗದವನ್ನೇ ನಾನು ಅವರಿಗೆ ಓದಿ ಹೇಳಲು ಹೊರಟಿದ್ದೆ.

ಒಂದೇ ಕಥೆ ಹೇಳಬೇಕು ಅಂತಾದ ಮೇಲೆ ಯಾವುದು ಅನ್ನುವುದೇ ದೊಡ್ಡ ತಲೆನೋವಾಯಿತು. ಕೈಯಲ್ಲಿ ಮೂರಿದ್ದವು. ಎನ್‌ಎಸ್‌ಎಸ್‌ನಲ್ಲಿ ಕೆರೆ ಹೂಳೆತ್ತಿದ್ದು, ಕೋವಿಡ್ ವೇಳೆ ತೋಟದ ಕೆಲಸಗಾರರ ಲೈನ್ ಮನೆಯ ಮಕ್ಕಳಿಗೆ ಪಾಠ ಹೇಳಿದ್ದು, ಮತ್ತೆ ಈ ಮಳೆ. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ ಹಾಕಿಕೊಂಡೆ: ಇದರಲ್ಲಿ ನಾನೇ ತೀರ್ಮಾನಿಸಿ ಮಾಡಿದ್ದು ಏನು? ಕೆರೆ ಕೆಲಸದ ತೀರ್ಮಾನವೆಲ್ಲ ಮೇಷ್ಟ್ರದ್ದು, ನಾನು ಬಾಂಡ್ಲಿ ಹೊತ್ತವಳು ಅಷ್ಟೆ. ಮಕ್ಕಳ ಪಾಠ ನನ್ನದೇ, ಒಳ್ಳೆಯ ಕಥೆ ಕೂಡ. ಆದರೆ ಅದನ್ನು ಕೇಳಿದವರು ಇವಳು ಬಿ.ಎಡ್. ಮಾಡಲಿ ಅಂದಾರು. ನಾನು ಓದಬೇಕೆಂದಿದ್ದ ವಿಷಯಕ್ಕೆ ತಂದು ಬಿಡುವುದು ಮಳೆ ಮಾತ್ರ.

ಆ ಕಥೆ ಹೀಗೆ. ಅಜ್ಜ ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆಮಾಪಕ ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದರು. ನಮ್ಮ ಕಡೆ ತೋಟದವರು ಈಗಲೂ ಮಳೆಯನ್ನು ಇಂಚು, ಸೆಂಟ್ಸ್‌ನಲ್ಲೇ ಹೇಳುವುದು. ನೂರು ಸೆಂಟ್ಸ್‌ಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಅಜ್ಜ ಹೋದ ಮೇಲೆ ಆ ಕೆಲಸ ನನ್ನದಾಯಿತು. ಎರಡನೇ ವರ್ಷದ ಡಿಗ್ರಿಯಲ್ಲಿ ಅಷ್ಟೂ ಪುಸ್ತಕ ಕಂಪ್ಯೂಟರಿಗೆ ಹಾಕಿ ಗ್ರಾಫ್ ಎಳೆದೆ. ಗೆರೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿತ್ತು. ನಮ್ಮೂರಲ್ಲಿ ಮಳೆ ಕಮ್ಮಿಯಾಗುತ್ತಿದೆ ಎಂದು ಕಾಲೇಜಿನ ಸೆಮಿನಾರಿನಲ್ಲಿ ಹೇಳಿಯೂ ಬಂದೆ, ಚಪ್ಪಾಳೆಯೂ ಬಿತ್ತು.

ಮುಂದಿನ ಮಾರ್ಚ್‌ನಲ್ಲಿ ಹೂ ಮಳೆ ಬಂತು. ರೋಬಸ್ಟಾ ಹೂ ಸರಿಯಾಗಿ ಅರಳಲು ಹೆಚ್ಚುಕಮ್ಮಿ ಒಂದು ಇಂಚು ಬೇಕು, ಸಾಲದಿದ್ದರೆ ಸ್ಪ್ರಿಂಕ್ಲರ್ ಹಾಕಬೇಕು. ನಮ್ಮ ಮಾಪಕದಲ್ಲಿ 65 ಸೆಂಟ್ಸ್. ಬೇಲಿಯಾಚೆಯ ತೋಟದವರು ಒಂದು ಇಂಚು ಅಂದರು. ಅಪ್ಪ ಪಂಪ್ ಬಾಡಿಗೆಗೆ ಹೇಳಲು ಹೊರಟರು. ನಾನು ಮಾಪಕದ ಹತ್ತಿರ ಹೋಗಿ ತಲೆಯೆತ್ತಿ ನೋಡಿದೆ. ಅಜ್ಜ ಮಾಪಕ ಇಟ್ಟಾಗ ಮೊಣಕಾಲೆತ್ತರವಿದ್ದ ಸಿಲ್ವರ್ ಓಕ್ ಈಗ ಅದರ ಮೇಲೆ ಕೊಂಬೆ ಚಾಚಿತ್ತು. ಹೊಸ ಮಾಪಕ ತರಿಸಿ ಕಣದ ಬಯಲಲ್ಲಿ ಇಟ್ಟೆ. ಒಂದು ಮಳೆಗಾಲ ಪೂರ್ತಿ ಎರಡನ್ನೂ ಬರೆದೆ. ಹೆಚ್ಚಿನ ದಿನ ಮರದಡಿಯದು ಕಮ್ಮಿಯೇ ತೋರಿಸುತ್ತಿತ್ತು. ಮಳೆ ಕಮ್ಮಿಯಾಗಿತ್ತೋ ಇಲ್ಲವೋ ಆ ಪುಸ್ತಕ ಹೇಳಲಾರದು, ಮರ ಬೆಳೆದದ್ದಂತೂ ನಿಜ.

ಇದನ್ನು ಐದು ನಿಮಿಷಕ್ಕೆ ಇಳಿಸಬೇಕು. ಇಂಗ್ಲಿಷಿನಲ್ಲಿ ನಿಮಿಷಕ್ಕೆ 130 ಪದ ಎಂಬ ಲೆಕ್ಕ ಕೇಳಿದ್ದೆ. ಕನ್ನಡಕ್ಕೆ ಅದು ಹೊಂದುವುದಿಲ್ಲ, ಪ್ರತ್ಯಯವೆಲ್ಲ ಅಂಟಿಕೊಂಡು ನಮ್ಮ ಪದಗಳು ಉದ್ದ. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಎಣಿಸಿದರೆ ನನ್ನ ವೇಗ 85 ಬಂತು. ಐದು ನಿಮಿಷಕ್ಕೆ 425. ಸ್ಲೈಡ್ ಬದಲಿಸಲು, ಉಸಿರಾಡಲು ಜಾಗ ಬಿಟ್ಟು 380ಕ್ಕೆ ನಿಲ್ಲಿಸಿದೆ.

ಮೊದಲ ವಾಕ್ಯದಲ್ಲೇ ಸೆಮಿನಾರಿನ ತಪ್ಪು ಇಟ್ಟೆ: "ಎರಡು ವರ್ಷದ ಹಿಂದೆ ನಮ್ಮೂರಿನ ಮಳೆ ಬಗ್ಗೆ ಎಲ್ಲರೆದುರು ಒಂದು ತಪ್ಪು ಹೇಳಿದೆ." ಹೆಸರು, ಊರು ಎರಡನೇ ವಾಕ್ಯಕ್ಕೆ ಹೋದವು. ಅಜ್ಜನ ಪುಸ್ತಕ, ಗ್ರಾಫ್‌ಗೆ ಒಂದು ನಿಮಿಷ. ಹೂ ಮಳೆಯ ಬೆಳಿಗ್ಗೆಗೆ ಇನ್ನೊಂದು. ಎರಡು ಮಾಪಕದ ಕೆಲಸಕ್ಕೆ ಒಂದೂವರೆ ನಿಮಿಷ ಕೊಟ್ಟೆ, ಏಕೆಂದರೆ ನಾನು ಮಾಡಿದ್ದು ಅದೇ. ಉಳಿದ ಸಮಯವೆಲ್ಲ ಕೊನೆಯ ಭಾಗಕ್ಕೆ: ಹಳೆಯ ದಾಖಲೆಯನ್ನು ಸರಿಪಡಿಸುವುದು ಹೇಗೆಂದು ನನಗೆ ತಿಳಿಯಲಿಲ್ಲ, ಅದನ್ನು ಕಲಿಸುವ ಕೋರ್ಸ್ ಇದು, ಹಾಗಾಗಿ ಬಂದಿದ್ದೇನೆ.

ಈ ಕೊನೆಯ ಭಾಗ ಮೊದಲು ಇಪ್ಪತ್ತೇ ಸೆಕೆಂಡಿತ್ತು. ಕಥೆ ಹೇಳುವ ಖುಷಿಯಲ್ಲಿ ಆಗುವ ಎಡವಟ್ಟು ಇದೇ. ಹಾಗೆ ಬಿಟ್ಟಿದ್ದರೆ ಕೇಳಿದವರಿಗೆ ಅಜ್ಜನ ಮೇಲೆ ಪ್ರೀತಿ ಹುಟ್ಟುತ್ತಿತ್ತು, ನನಗೆ ಹಣ ಯಾಕೆ ಬೇಕೆಂದು ತಿಳಿಯುತ್ತಿರಲಿಲ್ಲ. ಪರೀಕ್ಷಿಸಲು ನನ್ನ ಕಥೆ ಗೊತ್ತಿಲ್ಲದ ಗೆಳತಿಯೊಬ್ಬಳಿಗೆ ಹೇಳಿ, ಅರ್ಧ ಗಂಟೆ ಬಿಟ್ಟು ಒಂದು ವಾಕ್ಯದಲ್ಲಿ ವಾಪಸ್ ಹೇಳು ಅಂದೆ. ಮೊದಲ ಸಲ "ನಿಮ್ಮಜ್ಜ ತುಂಬ ಶಿಸ್ತಿನವರು" ಅಂದಳು. ಅಜ್ಜನ ಭಾಗದಿಂದ ಆರು ವಾಕ್ಯ ತೆಗೆದೆ. ಹೊಸದನ್ನು ಪಕ್ಕದ ರೂಮಿನವಳಿಗೆ ಹೇಳಿದೆ. ಅವಳು ಹೇಳಿದ್ದು: "ನಿನ್ನ ಲೆಕ್ಕ ನೀನೇ ತಪ್ಪು ಅಂತ ಕಂಡುಹಿಡಿದೆ, ಈಗ ಸರಿ ಮಾಡೋದು ಕಲೀಬೇಕು." ನನಗೆ ಬೇಕಿದ್ದದ್ದು ಅಷ್ಟೇ.

ಸ್ಲೈಡ್ ನಾಲ್ಕೇ. ಪುಸ್ತಕದ ಒಂದು ಪುಟ, ಇಳಿಯುವ ಗ್ರಾಫ್, ಮರದಡಿಯ ಮಾಪಕದ ಫೋಟೊ, ಎರಡು ಮಾಪಕದ ಒಂದು ತಿಂಗಳ ಲೆಕ್ಕ. ಬರಹ ಹಾಕಲಿಲ್ಲ, ಹಾಕಿದರೆ ಎಲ್ಲರೂ ಓದುತ್ತಾರೆ, ಯಾರೂ ಕೇಳುವುದಿಲ್ಲ. ಇಡೀ ಮಾತನ್ನು ಬಾಯಿಪಾಠ ಮಾಡಲಿಲ್ಲ. ಮೊದಲ ಎರಡು, ಕೊನೆಯ ಎರಡು ವಾಕ್ಯ ಮಾತ್ರ ಬಾಯಿಗೆ ಬರುತ್ತಿದ್ದವು.

ಒಂದು ವಿಷಯವನ್ನು ಬೇಕೆಂದೇ ಬಿಟ್ಟಿದ್ದೆ. ಮಾಪಕವನ್ನು ಮರದಿಂದ ಎಷ್ಟು ದೂರ ಇಡಬೇಕು ಎಂಬುದು. ಅದನ್ನು ಕೇಳಿಯೇ ಕೇಳುತ್ತಾರೆ ಅನಿಸಿತ್ತು. ಮರದ ಎತ್ತರದ ಎರಡು ಪಟ್ಟಾದರೂ ದೂರ ಎಂಬ ಉತ್ತರ ಸಿದ್ಧವಾಗಿತ್ತು.

ಬೆಂಗಳೂರಿನಲ್ಲಿ ಆ ದಿನ ಪ್ರೊಜೆಕ್ಟರ್ ಕೈಕೊಟ್ಟು ಮೊದಲ ಅರ್ಧ ನಿಮಿಷ ಹೋಯಿತು. ಹೂ ಮಳೆಯ ವಿವರಣೆಯನ್ನು ಒಂದು ವಾಕ್ಯಕ್ಕೆ ಇಳಿಸಿ ಮುಂದೆ ಹೋದೆ, ಕೊನೆಯ ಭಾಗ ಮುಟ್ಟಲಿಲ್ಲ. ದೂರದ ಪ್ರಶ್ನೆ ಬಂದೇ ಬಂತು. ಅದರ ಬೆನ್ನಿಗೇ ಇನ್ನೊಬ್ಬರು ಕೇಳಿದರು: "ಎರಡು ಮಾಪಕದ ಅನುಪಾತ ಗೊತ್ತಾಯ್ತಲ್ಲ, ಹಳೇ ಲೆಕ್ಕಕ್ಕೆಲ್ಲ ಅದರಿಂದ ಗುಣಿಸಿಬಿಟ್ರೆ ಆಯ್ತಲ್ಲಮ್ಮ?"

"ಇಲ್ಲ ಸರ್," ಅಂದೆ, "ಮರ ಪ್ರತಿ ವರ್ಷ ಬೆಳೀತಾ ಇತ್ತು." ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲಿನ ಹದಿನೈದು ನಿಮಿಷ ಆ ಮರದ ಬಗ್ಗೆಯೇ ಮಾತಾಯಿತು.